8 ಕೋಟಿ 6.3 ಕೋಟಿ ಆಗುವ ಲೆಕ್ಕ: ಸೀಡ್ ಪ್ರಸ್ತಾವನೆ ಬರೆಯುವ ಮುನ್ನ ವ್ಯಾಲ್ಯುವೇಷನ್ ಮತ್ತು ಡೈಲ್ಯೂಷನ್

ಸೀಡ್ ಹಣ, ಅಂದರೆ ಕಂಪನಿಯ ಆರಂಭದ ಹಂತದ ಹೂಡಿಕೆ, ಕೇಳಲು ಹೊರಟವರು ಸಾಮಾನ್ಯವಾಗಿ ಒಂದೇ ಅಂಕಿಯ ಮೇಲೆ ಜಗ್ಗಾಡುತ್ತಾರೆ. "ನಮ್ಮ ಕಂಪನಿಗೆ 8 ಕೋಟಿ ವ್ಯಾಲ್ಯುವೇಷನ್ ಸಿಗಬೇಕು." ಹೂಡಿಕೆದಾರರು ನಕ್ಕು ಒಪ್ಪಿಕೊಳ್ಳುತ್ತಾರೆ. ಸಹಿ ಆದ ಮೇಲೆ ನೋಡಿದರೆ ಸ್ಥಾಪಕರ ಕೈಯಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಪಾಲು ಉಳಿದಿರುತ್ತದೆ. ಇಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ಎಲ್ಲವೂ ಟರ್ಮ್ ಶೀಟ್‌ನಲ್ಲೇ, ಅಂದರೆ ಹೂಡಿಕೆಯ ಷರತ್ತುಗಳ ಪತ್ರದಲ್ಲೇ, ಇರುತ್ತದೆ, ಆದರೆ ವ್ಯಾಲ್ಯುವೇಷನ್ ಬರೆದ ಸಾಲಿನಲ್ಲಿ ಅಲ್ಲ, ಅದರ ಕೆಳಗಿನ ಎರಡು ಸಾಲುಗಳಲ್ಲಿ.

ಒಂದು ಉದಾಹರಣೆ ಹಿಡಿದು ಹಂತ ಹಂತವಾಗಿ ಲೆಕ್ಕ ಮಾಡೋಣ. ಹುಬ್ಬಳ್ಳಿಯಲ್ಲಿ ಇಬ್ಬರು ಸೇರಿ ಒಂದು ಕಂಪನಿ ಮಾಡಿದ್ದಾರೆ ಅಂದುಕೊಳ್ಳಿ. ಗೊಬ್ಬರ, ಬೀಜ, ಔಷಧಿ ಮಾರುವ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರದು. ಸದ್ಯ 60 ಅಂಗಡಿಗಳು ತಿಂಗಳಿಗೆ 1,500 ರೂಪಾಯಿ ಕೊಡುತ್ತಿವೆ. ಅಂದರೆ ತಿಂಗಳ ಆದಾಯ 90 ಸಾವಿರ. ಕಂಪನಿಯಲ್ಲಿ ಒಟ್ಟು 10,000 ಷೇರು. ಮೊದಲ ಸ್ಥಾಪಕಿಯ ಬಳಿ 6,000, ಎರಡನೆಯವರ ಬಳಿ 4,000. ಮುಖಬೆಲೆ ತಲಾ 10 ರೂಪಾಯಿ. ಕಂಪನಿ ಕಾಲ್ಪನಿಕ, ಆದರೆ ಅಂಕಿಗಳು ನೀವು ದಿನವೂ ನೋಡುವ ಅಳತೆಯವೇ.

ಹಂತ 1: ಮೊದಲು ಹಣ, ಆಮೇಲೆ ವ್ಯಾಲ್ಯುವೇಷನ್

ವರ್ಷಕ್ಕೆ 10.8 ಲಕ್ಷ ಆದಾಯವಿರುವ ಕಂಪನಿಗೆ ಐದು ವರ್ಷದ ಲಾಭದ ಅಂದಾಜು ಹಾಕಿ ಇಂದಿನ ಬೆಲೆ ತೆಗೆಯುವುದು ಸುಮ್ನೆ ಕಾಗದದ ಕೆಲಸ. ಸೀಡ್ ಹಂತದಲ್ಲಿ ಯಾರೂ ಅದನ್ನು ನಂಬಿ ಚೆಕ್ ಬರೆಯುವುದಿಲ್ಲ. ನಿಜವಾಗಿ ನಡೆಯುವ ಲೆಕ್ಕವೇ ಬೇರೆ: ನಿಮಗೆ ಎಷ್ಟು ಹಣ ಬೇಕು, ಹೂಡಿಕೆದಾರರಿಗೆ ಎಷ್ಟು ಪಾಲು ಬೇಕು. ಇವೆರಡು ತೀರ್ಮಾನವಾದರೆ ವ್ಯಾಲ್ಯುವೇಷನ್ ತಾನಾಗೇ ಬರುತ್ತದೆ.

ಆದ್ದರಿಂದ ಪ್ರಸ್ತಾವನೆಯಲ್ಲಿ ಮೊದಲು 18 ತಿಂಗಳ ಖರ್ಚು ಬರೆಯಿರಿ. ನಮ್ಮ ಕಂಪನಿಗೆ ಸಂಬಳಕ್ಕೆ ತಿಂಗಳಿಗೆ 7 ಲಕ್ಷ, ಓಡಾಟ, ಸರ್ವರ್, ಬಾಡಿಗೆ ಎಲ್ಲ ಸೇರಿ 2 ಲಕ್ಷ. 18 ತಿಂಗಳಿಗೆ 1.62 ಕೋಟಿ. ಮುಂದಿನ ಸುತ್ತಿನ ಹಣ ತಡವಾದರೆ ನಾಲ್ಕು ತಿಂಗಳು ಉಸಿರಾಡಲು 38 ಲಕ್ಷ ಸೇರಿಸಿದರೆ 2 ಕೋಟಿ. ಈ 18 ತಿಂಗಳಲ್ಲಿ 60 ಅಂಗಡಿ 600 ಆಗಬೇಕು. ಆಗ ತಿಂಗಳಿಗೆ 9 ಲಕ್ಷ ಆದಾಯ ಬಂದು ಈಗಿನ ಖರ್ಚಿಗೆ ಸಮನಾಗುತ್ತದೆ. ಇದು ಹೂಡಿಕೆದಾರರು ಬೆರಳಿಟ್ಟು ಪ್ರಶ್ನೆ ಕೇಳಬಹುದಾದ ಗುರಿ. "ಬ್ರ್ಯಾಂಡ್ ಬೆಳೆಸಲು 40%" ಅಂತ ಬರೆದರೆ ಕೇಳಲು ಏನೂ ಇರುವುದಿಲ್ಲ, ಕೊಡಲೂ ಕಾರಣ ಇರುವುದಿಲ್ಲ.

ಸೀಡ್ ಸುತ್ತಿನಲ್ಲಿ ಹೂಡಿಕೆದಾರರು ಸಾಮಾನ್ಯವಾಗಿ 15ರಿಂದ 25% ಒಳಗೆ ಪಾಲು ಕೇಳುತ್ತಾರೆ. ನಮ್ಮವರು 20% ಕೇಳಿದರು ಅನ್ನೋಣ. 2 ಕೋಟಿ ಎಂಬುದು 20% ಆದರೆ ಪೂರ್ತಿ ಕಂಪನಿ 10 ಕೋಟಿ. ಇದು ಹಣ ಬಂದ ನಂತರದ ಬೆಲೆ, ಅಂದರೆ ಪೋಸ್ಟ್-ಮನಿ. ಅದರಲ್ಲಿ ಬಂದ 2 ಕೋಟಿ ಕಳೆದರೆ 8 ಕೋಟಿ, ಇದು ಪ್ರೀ-ಮನಿ. ಮಾತುಕತೆಯಲ್ಲಿ "8 ಕೋಟಿ" ಅಂದಾಗ ಇವೆರಡರಲ್ಲಿ ಯಾವುದು ಅಂತ ಅಲ್ಲೇ ಕೇಳಿ. 8 ಕೋಟಿ ಪೋಸ್ಟ್-ಮನಿ ಆಗಿದ್ದರೆ ಅದೇ 2 ಕೋಟಿಗೆ ನೀವು 25% ಕೊಟ್ಟಂತಾಯಿತು.

ಹಂತ 2: ಸರಳ ಲೆಕ್ಕ

ಬೇರೆ ಯಾವ ಷರತ್ತೂ ಇಲ್ಲದಿದ್ದರೆ ಲೆಕ್ಕ ಹೀಗೆ. ಪ್ರೀ-ಮನಿ 8 ಕೋಟಿ, ಇರುವ ಷೇರು 10,000. ಒಂದು ಷೇರಿಗೆ 8,000 ರೂಪಾಯಿ. ಹೂಡಿಕೆದಾರರು 2 ಕೋಟಿಗೆ 2,500 ಹೊಸ ಷೇರು ಪಡೆಯುತ್ತಾರೆ. ಒಟ್ಟು ಷೇರು 12,500. ಮೊದಲ ಸ್ಥಾಪಕಿಯ 6,000 ಷೇರು ಈಗ 48%, ಎರಡನೆಯವರ 4,000 ಷೇರು 32%.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಥಾಪಕರು ತಮ್ಮ ಒಂದು ಷೇರನ್ನೂ ಮಾರಿಲ್ಲ. ಹೊಸ ಷೇರು ಹುಟ್ಟಿದ್ದರಿಂದ ಅವರ ಪಾಲು ತೆಳುವಾಗಿದೆ, ಅಷ್ಟೇ. ಡೈಲ್ಯೂಷನ್ ಅಂದರೆ ಇದೇ. ಹಣ ಹೋಗುವುದು ಕಂಪನಿಯ ಖಾತೆಗೆ, ನಿಮ್ಮ ಖಾತೆಗಲ್ಲ.

ಬಹಳ ಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸಿ, "ನಮ್ಮಿಬ್ಬರಿಗೆ 80% ಉಳಿಯುತ್ತದೆ" ಎಂದು ಮನೆಯಲ್ಲೂ ಹೇಳಿಬಿಟ್ಟಿರುತ್ತಾರೆ.

ಹಂತ 3: ಇಸಾಪ್ ಪೂಲ್ ಯಾರ ಪಾಲಿನಿಂದ ಬರುತ್ತದೆ?

ಟರ್ಮ್ ಶೀಟ್‌ನಲ್ಲಿ ಒಂದು ಸಾಲು ಇರುತ್ತದೆ: ಸುತ್ತು ಮುಗಿದ ನಂತರ ಕಂಪನಿಯ 10% ನೌಕರರ ಷೇರು ಆಯ್ಕೆಗೆ, ಅಂದರೆ ಇಸಾಪ್ ಪೂಲ್‌ಗೆ, ಮೀಸಲಿರಬೇಕು, ಇದು ಪ್ರೀ-ಮನಿಯಲ್ಲೇ ಸೇರಿರಬೇಕು. ಓದಲು ಬಹಳ ಸಾಧು ಸಾಲು. ಆದರೆ "ಪ್ರೀ-ಮನಿಯಲ್ಲೇ" ಅಂದ ತಕ್ಷಣ ಆ 10% ಪೂರ್ತಿ ಸ್ಥಾಪಕರ ಕಡೆಯಿಂದ ಹೋಗುತ್ತದೆ. ಹೂಡಿಕೆದಾರರ 20% ಅಲುಗಾಡುವುದಿಲ್ಲ.

ಲೆಕ್ಕ ನೋಡಿ. ಸುತ್ತು ಮುಗಿದ ಮೇಲೆ ಹೂಡಿಕೆದಾರರು 20%, ಪೂಲ್ 10%, ಉಳಿದ 70% ಸ್ಥಾಪಕರಿಗೆ. 10 ಕೋಟಿಯ 70% ಅಂದರೆ 7 ಕೋಟಿ. ಅದನ್ನು ಸ್ಥಾಪಕರ 10,000 ಷೇರಿಗೆ ಹಂಚಿದರೆ ಷೇರಿಗೆ 7,000. ವ್ಯಾಲ್ಯುವೇಷನ್ ಅಂಕಿ 8 ಕೋಟಿಯೇ ಇದೆ, ಷೇರಿನ ಬೆಲೆ ಮಾತ್ರ 8,000ದಿಂದ 7,000ಕ್ಕೆ ಇಳಿದಿದೆ. ಈವರೆಗೆ ನೀವು ಕಟ್ಟಿದ್ದಕ್ಕೆ ಹೂಡಿಕೆದಾರರು ಕೊಟ್ಟ ಬೆಲೆ 7 ಕೋಟಿ. ಉಳಿದ 1 ಕೋಟಿ ಇನ್ನೂ ಸೇರದ ನೌಕರರ ಹೆಸರಿನಲ್ಲಿರುವ ಖಾಲಿ ಷೇರುಗಳದ್ದು.

"ಇದು ಸ್ಟ್ಯಾಂಡರ್ಡ್" ಎಂದು ಹೇಳುತ್ತಾರೆ. ನಿಜ, ಪೂಲ್ ಪ್ರೀ-ಮನಿಯಲ್ಲಿ ಇಡುವುದು ರೂಢಿ. ಅದನ್ನು ತೆಗೆಸುವುದು ಕಷ್ಟ. ಆದರೆ 10% ಎಂಬ ಅಳತೆ ರೂಢಿಯಿಂದ ಬಂದದ್ದೇ ಹೊರತು ನಿಮ್ಮ ಕಂಪನಿಯ ಅಗತ್ಯದಿಂದ ಬಂದದ್ದಲ್ಲ. ಅಲ್ಲಿ ಜಾಗ ಇದೆ.

ಪ್ರಸ್ತಾವನೆಯ ಜೊತೆ ನೇಮಕಾತಿ ಪಟ್ಟಿ ಇಡಿ. ಮುಂದಿನ 18 ತಿಂಗಳಲ್ಲಿ ಯಾರನ್ನು ತೆಗೆದುಕೊಳ್ಳುತ್ತೀರಿ, ಯಾರಿಗೆ ಎಷ್ಟು ಷೇರು? ನಮ್ಮ ಕಂಪನಿಯ ಪಟ್ಟಿ ಹೀಗಿರಬಹುದು: ತಾಂತ್ರಿಕ ಮುಖ್ಯಸ್ಥರಿಗೆ 2%, ಮಾರಾಟದ ಮುಖ್ಯಸ್ಥರಿಗೆ 1%, ನಾಲ್ವರು ಎಂಜಿನಿಯರ್‌ಗಳಿಗೆ ಒಟ್ಟು 1.5%, ಉಳಿದವರಿಗೆ ಸೇರಿ 0.5%. ಒಟ್ಟು 5%. "ಈ ಸುತ್ತಿನ ಹಣ ಮುಗಿಯುವವರೆಗೆ ನಮಗೆ ಬೇಕಾದದ್ದು ಇಷ್ಟೇ. ಜಾಸ್ತಿ ಬೇಕಾದರೆ ಮುಂದಿನ ಸುತ್ತಿನಲ್ಲಿ ಸೇರಿಸೋಣ" ಎಂದು ಹೇಳಲು ಈ ಪಟ್ಟಿ ಕೈಯಲ್ಲಿರಬೇಕು. ಮುಂದಿನ ಸುತ್ತಿನಲ್ಲಿ ಪೂಲ್ ಹಿಗ್ಗಿಸಿದರೆ ಈ ಹೂಡಿಕೆದಾರರ ಪಾಲೂ ನಿಮ್ಮ ಜೊತೆಗೇ ತೆಳುವಾಗುತ್ತದೆ. ಈಗಲೇ ದೊಡ್ಡ ಪೂಲ್ ಕೇಳುವುದಕ್ಕೆ ಅವರಿಗಿರುವ ಕಾರಣವೂ ಅದೇ ಅಲ್ವಾ.

ಒಂದು ಎಚ್ಚರಿಕೆ. ತೀರಾ ಸಣ್ಣ ಪೂಲ್ ಹಟ ಹಿಡಿದು ಪಡೆದರೆ, ಒಳ್ಳೆಯ ತಾಂತ್ರಿಕ ಮುಖ್ಯಸ್ಥರು ಸಿಕ್ಕಾಗ ಕೊಡಲು ಷೇರು ಇರುವುದಿಲ್ಲ. ಸುತ್ತಿನ ಮಧ್ಯೆ ಪೂಲ್ ಹಿಗ್ಗಿಸಲು ಹೂಡಿಕೆದಾರರ ಒಪ್ಪಿಗೆ ಬೇಕಾಗುತ್ತದೆ. ಪಟ್ಟಿಯನ್ನು ಪ್ರಾಮಾಣಿಕವಾಗಿ ಮಾಡಿ.

ಹಂತ 4: ಹಳೆಯ ಐಸೇಫ್ ಈಗ ಷೇರಾಗುತ್ತದೆ

ನಮ್ಮ ಕಂಪನಿ ಒಂದು ವರ್ಷದ ಹಿಂದೆ ಒಬ್ಬ ಏಂಜಲ್ ಹೂಡಿಕೆದಾರರಿಂದ 40 ಲಕ್ಷ ತೆಗೆದುಕೊಂಡಿತ್ತು. ಆಗ ವ್ಯಾಲ್ಯುವೇಷನ್ ನಿರ್ಧರಿಸುವ ಗೋಜು ಬೇಡ ಎಂದು ಐಸೇಫ್ ಬಳಸಿದ್ದರು. ಇದು ಅಮೆರಿಕದ ಸೇಫ್ ಒಪ್ಪಂದವನ್ನು ನಮ್ಮ ಕಾನೂನಿಗೆ ಹೊಂದಿಸಿ 100ಎಕ್ಸ್ ವಿಸಿ ಎಂಬ ಹೂಡಿಕೆ ಸಂಸ್ಥೆ 2019ರಲ್ಲಿ ತಂದ ಮಾದರಿ. ನಮ್ಮಲ್ಲಿ ಕಾನೂನಿನ ಕಣ್ಣಿಗೆ ಇದು ಸಿಸಿಪಿಎಸ್, ಅಂದರೆ ಮುಂದೆ ಕಡ್ಡಾಯವಾಗಿ ಸಾಮಾನ್ಯ ಷೇರಾಗುವ ಆದ್ಯತಾ ಷೇರು. ಷೇರಿನ ಸಂಖ್ಯೆ ಮಾತ್ರ ಮುಂದಿನ ಸುತ್ತಿನಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಕ್ಯಾಪ್ ಟೇಬಲ್‌ನಲ್ಲಿ, ಅಂದರೆ ಯಾರ ಬಳಿ ಎಷ್ಟು ಷೇರು ಎಂಬ ಪಟ್ಟಿಯಲ್ಲಿ, ಅದು ಪಾಲಾಗಿ ಕಾಣುತ್ತಿರಲಿಲ್ಲ, ಸ್ಥಾಪಕರು ಅದನ್ನು ಮರೆತೇಬಿಟ್ಟಿದ್ದರು.

ಒಪ್ಪಂದದಲ್ಲಿ ಎರಡು ಷರತ್ತುಗಳಿವೆ. ಒಂದು, 4 ಕೋಟಿಯ ಕ್ಯಾಪ್, ಅಂದರೆ ಏಂಜಲ್ ಹಣ ಷೇರಾಗುವಾಗ ಕಂಪನಿಗೆ ಹಿಡಿಯುವ ಬೆಲೆಯ ಗರಿಷ್ಠ ಮಿತಿ. ಇನ್ನೊಂದು, ಸೀಡ್ ಬೆಲೆಯಲ್ಲಿ 20% ರಿಯಾಯಿತಿ. ಇವೆರಡರಲ್ಲಿ ಯಾವುದು ಜಾಸ್ತಿ ಷೇರು ಕೊಡುತ್ತದೋ ಅದು ಏಂಜಲ್‌ಗೆ ಸಿಗುತ್ತದೆ.

ರಿಯಾಯಿತಿಯ ಪ್ರಕಾರ 40 ಲಕ್ಷಕ್ಕೆ 50 ಲಕ್ಷ ಬೆಲೆಯ ಷೇರು ಸಿಗುತ್ತದೆ. 10 ಕೋಟಿಯಲ್ಲಿ ಅದು 5%. ಈಗ ಕ್ಯಾಪ್ ನೋಡಿ. ಇಲ್ಲಿ 4 ಕೋಟಿ ಎಂಬುದು ಪೋಸ್ಟ್-ಮನಿ ಕ್ಯಾಪ್, ಅಂದರೆ ಏಂಜಲ್ ಹಣವನ್ನೂ ಸೇರಿಸಿಕೊಂಡ ಬೆಲೆ. 4 ಕೋಟಿಯಲ್ಲಿ 40 ಲಕ್ಷ ಅಂದರೆ 10%. ಸೀಡ್ ಹಣ ಮತ್ತು ಹೊಸ ಪೂಲ್ ಬರುವ ಮುನ್ನ ಕಂಪನಿಯ 10% ಏಂಜಲ್‌ದು. ಸ್ಥಾಪಕರ 10,000 ಷೇರಿನ ಜೊತೆ ಇನ್ನು 1,111 ಷೇರು ಹುಟ್ಟುತ್ತವೆ. ಸೀಡ್ ಆದ ಮೇಲೆ ಉಳಿಯುವ 70%ರಲ್ಲಿ ಏಂಜಲ್‌ಗೆ ಹತ್ತನೇ ಒಂದು, ಅಂದರೆ 7%. ಕ್ಯಾಪ್‌ನಿಂದಲೇ ಲಾಭ ಜಾಸ್ತಿ, ಅವರು ಅದನ್ನೇ ಆರಿಸಿಕೊಳ್ಳುತ್ತಾರೆ.

ಈಗ ಪೂರ್ತಿ ಚಿತ್ರ ಹೀಗಿದೆ: ಸೀಡ್ ಹೂಡಿಕೆದಾರರು 20%, ಪೂಲ್ 10%, ಏಂಜಲ್ 7%, ಸ್ಥಾಪಕರು 63%. ಮೊದಲ ಸ್ಥಾಪಕಿಗೆ 37.8%, ಎರಡನೆಯವರಿಗೆ 25.2%. ಷೇರಿನ ಬೆಲೆ 6,300 ರೂಪಾಯಿ, ಒಟ್ಟು ಷೇರು ಸುಮಾರು 15,873. ಒಪ್ಪಂದದ ಮೊದಲ ಪುಟದಲ್ಲಿ ಈಗಲೂ 8 ಕೋಟಿ ಅಂತಲೇ ಇದೆ. ಸ್ಥಾಪಕರ ಲೆಕ್ಕಕ್ಕೆ ಅದು 6.3 ಕೋಟಿ.

ಐಸೇಫ್‌ಗಳನ್ನು ಒಂದರ ಮೇಲೊಂದು ತೆಗೆದುಕೊಂಡವರ ಪಾಡು ಇನ್ನೂ ಬಿಗಿ. ಇದೇ ಕ್ಯಾಪ್‌ನಲ್ಲಿ ಇನ್ನೊಬ್ಬರಿಂದ 20 ಲಕ್ಷ ಪಡೆದಿದ್ದರೆ ಅವರಿಗೆ 5%. ಪೋಸ್ಟ್-ಮನಿ ಕ್ಯಾಪ್ ಆದ್ದರಿಂದ ಮೊದಲ ಏಂಜಲ್‌ನ 10% ಇಳಿಯುವುದಿಲ್ಲ, ಹೊರೆ ಎಲ್ಲ ಸ್ಥಾಪಕರ ಮೇಲೆ. ಸೀಡ್ ನಂತರ ಅವರಿಗೆ 59.5% ಉಳಿಯುತ್ತಿತ್ತು. ಆದ್ದರಿಂದ ಒಪ್ಪಂದದಲ್ಲಿ ಕ್ಯಾಪ್ ಪ್ರೀ-ಮನಿಯೋ ಪೋಸ್ಟ್-ಮನಿಯೋ ಎಂಬುದನ್ನು ಹುಡುಕಿ ಗೆರೆ ಎಳೆದಿಟ್ಟುಕೊಳ್ಳಿ.

ಪಾಲು ಕೊಡದೆ ಹಣ ಸಿಗುವ ದಾರಿ ಇದ್ದರೆ ಅದನ್ನು ಏಂಜಲ್ ಹಣಕ್ಕಿಂತ ಮೊದಲೇ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಸರ್ಕಾರ ಷೇರು ಕೇಳುವುದಿಲ್ಲ. ಹಣ ಕಂತಿನಲ್ಲಿ ಬರುವುದರಿಂದ ಅದನ್ನೇ ನೆಚ್ಚಿ ಸಂಬಳದ ದಿನಾಂಕ ಗೊತ್ತುಮಾಡಲು ಆಗುವುದಿಲ್ಲ. ಆದರೂ ನಮ್ಮ ಉದಾಹರಣೆಯಲ್ಲಿ 40 ಲಕ್ಷದಲ್ಲಿ ಅರ್ಧ ಅಲ್ಲಿಂದ ಬಂದಿದ್ದರೆ ಏಂಜಲ್ ಪಾಲು 7% ಬದಲು 3.5% ಆಗುತ್ತಿತ್ತು.

ಹಂತ 5: ಯಾವುದರ ಮೇಲೆ ಚೌಕಾಶಿ?

ಈಗ ಮಾತುಕತೆಗೆ ಬರೋಣ. ಸ್ಥಾಪಕರ 63% ಸ್ವಲ್ಪ ಮೇಲೇರಬೇಕು. ಎರಡು ದಾರಿ ಇವೆ.

ಮೊದಲನೆಯದು ಪೂಲ್ ಅನ್ನು 10%ರಿಂದ 5%ಕ್ಕೆ ಇಳಿಸುವುದು. ಆಗ ಸ್ಥಾಪಕರಿಗೂ ಏಂಜಲ್‌ಗೂ ಸೇರಿ 75% ಉಳಿಯುತ್ತದೆ, ಅದರಲ್ಲಿ ಸ್ಥಾಪಕರದ್ದು 67.5%. ಷೇರಿನ ಬೆಲೆ 6,750.

ಎರಡನೆಯದು ಪೂಲ್ 10%ರಲ್ಲೇ ಬಿಟ್ಟು ವ್ಯಾಲ್ಯುವೇಷನ್ ಏರಿಸುವುದು. ಇದೇ 67.5% ಉಳಿಯಬೇಕಾದರೆ ಹೂಡಿಕೆದಾರರ ಪಾಲು 20%ರಿಂದ 15%ಕ್ಕೆ ಇಳಿಯಬೇಕು. 2 ಕೋಟಿ 15% ಆಗಬೇಕಾದರೆ ಪೋಸ್ಟ್-ಮನಿ 13.33 ಕೋಟಿ, ಪ್ರೀ-ಮನಿ 11.33 ಕೋಟಿ. 8 ಕೋಟಿ ಎಂದವರನ್ನು 11.33 ಕೋಟಿಗೆ ಒಪ್ಪಿಸುವುದು ಸುಲಭವೇ? ನೇಮಕಾತಿ ಪಟ್ಟಿ ತೋರಿಸಿ ಪೂಲ್ ಅರ್ಧ ಮಾಡಿಸುವುದು ಅದಕ್ಕಿಂತ ಎಷ್ಟೋ ಹಗುರ. ಸ್ಥಾಪಕರ ಪಾಲಿನ ಮಟ್ಟಿಗೆ ಎರಡರ ಫಲವೂ ಒಂದೇ.

ಹಾಗಾಗಿ ಮಾತುಕತೆಗೆ ಕೂರುವಾಗ ವ್ಯಾಲ್ಯುವೇಷನ್ ಅಂಕಿಯನ್ನು ಬದಿಗಿಡಿ. ಪ್ರತಿ ಷರತ್ತು ಬಂದಾಗಲೂ ಒಂದೇ ಪ್ರಶ್ನೆ ಹಾಕಿ: ಎಲ್ಲ ಪರಿವರ್ತನೆ, ಎಲ್ಲ ಪೂಲ್ ಸೇರಿದ ಮೇಲೆ, ಅಂದರೆ ಫುಲ್ಲಿ ಡೈಲ್ಯೂಟೆಡ್ ಲೆಕ್ಕದಲ್ಲಿ, ಷೇರಿನ ಬೆಲೆ ಎಷ್ಟು? ಎರಡು ಟರ್ಮ್ ಶೀಟ್ ಬಂದಿದ್ದರೆ ಬೆಲೆಯ ಮಟ್ಟಿಗೆ ಹೋಲಿಸಲು ಇದೊಂದೇ ಅಂಕಿ ಸಾಕು. 9 ಕೋಟಿ ಪ್ರೀ-ಮನಿ ಜೊತೆ 15% ಪೂಲ್ ಕೇಳುವವರು 8 ಕೋಟಿ ಜೊತೆ 5% ಕೇಳುವವರಿಗಿಂತ ಕಡಿಮೆ ಬೆಲೆ ಕೊಡುತ್ತಿರಬಹುದು.

ಕೆಳಗಿನದನ್ನು ನಿಮ್ಮ ಶೀಟ್‌ನಲ್ಲಿ ಹಾಕಿಕೊಳ್ಳಿ. B1 ಸೀಡ್ ಹಣ, B2 ಪ್ರೀ-ಮನಿ, B5 ಪೂಲ್, B6 ಐಸೇಫ್ ಹಣ, B7 ಅದರ ಪೋಸ್ಟ್-ಮನಿ ಕ್ಯಾಪ್, B9 ಸ್ಥಾಪಕರ ಷೇರು.

```
B1  20000000
B2  80000000
B3  =B1+B2
B4  =B1/B3
B5  10%
B6  4000000
B7  40000000
B8  =B6/B7
B9  10000
B10 =(1-B4-B5)*(1-B8)
B11 =B3*B10/B9
```

B10ರಲ್ಲಿ ಸ್ಥಾಪಕರ ಪಾಲು 63%, B11ರಲ್ಲಿ ಷೇರಿನ ಬೆಲೆ 6,300 ಬರಬೇಕು. ಬಾರದಿದ್ದರೆ ಎಲ್ಲೋ ಸೊನ್ನೆ ತಪ್ಪಿದೆ. ಈ ಶೀಟ್ ಕ್ಯಾಪ್ ಅನ್ವಯಿಸುವ ಸಂದರ್ಭಕ್ಕೆ ಮಾತ್ರ. ರಿಯಾಯಿತಿಯೇ ಲಾಭಕರವಾದರೆ ಬೇರೆ ಲೆಕ್ಕ ಬೇಕು.

ಪ್ರಸ್ತಾವನೆಯಲ್ಲಿ ಏನು ಬರೆಯಬೇಕು? ಎಷ್ಟು ಹಣ, ಎಷ್ಟು ತಿಂಗಳಿಗೆ, ಯಾವ ಗುರಿಗೆ ಎಂದು ಬರೆಯಿರಿ. ಐಸೇಫ್ ಸೇರಿಸಿದ ಕ್ಯಾಪ್ ಟೇಬಲ್ ಮತ್ತು ನೇಮಕಾತಿ ಪಟ್ಟಿ ಲಗತ್ತಿಸಿ. ವ್ಯಾಲ್ಯುವೇಷನ್ ಅಂಕಿಯನ್ನು ಬರೆಯದೆ ಬಿಡುವುದೇ ಒಳ್ಳೆಯದು ಅನ್ನಿಸುತ್ತದೆ. ಬರೆದರೆ ಅದಕ್ಕಿಂತ ಮೇಲೆ ಯಾರೂ ಹೋಗುವುದಿಲ್ಲ, ಜಾಸ್ತಿ ಕಂಡರೆ ಕೆಲವರು ಕರೆಯನ್ನೇ ಮಾಡುವುದಿಲ್ಲ.

ಹಂತ 6: ಮುಂದಿನ ಸುತ್ತನ್ನು ಈಗಲೇ ನೋಡಿ

ವ್ಯಾಲ್ಯುವೇಷನ್ ಎಷ್ಟು ಜಾಸ್ತಿ ಸಿಕ್ಕರೆ ಅಷ್ಟು ಒಳ್ಳೆಯದು ಎಂಬುದೂ ಪೂರ್ತಿ ನಿಜವಲ್ಲ. ಈ ಸುತ್ತಿನ ಬೆಲೆ ಮುಂದಿನ ಸುತ್ತಿಗೆ ದಾಟಲೇಬೇಕಾದ ಗೆರೆ. ದಾಟಿದ್ದೇವೋ ಇಲ್ಲವೋ ಎಂಬುದನ್ನೂ ಷೇರಿನ ಬೆಲೆಯಲ್ಲೇ ಅಳೆಯಬೇಕು.

ನಮ್ಮ ಕಂಪನಿಗೆ 18 ತಿಂಗಳ ನಂತರ 600 ಬದಲು 250 ಅಂಗಡಿಗಳಷ್ಟೇ ಸಿಕ್ಕವು ಅನ್ನೋಣ. ಹೊಸ ಹೂಡಿಕೆದಾರರು 10.5 ಕೋಟಿ ಪ್ರೀ-ಮನಿ ಕೊಡಲು ಒಪ್ಪಿದರು. ಹಿಂದಿನ ಪೋಸ್ಟ್-ಮನಿ 10 ಕೋಟಿ, ಅಂದರೆ ಬೆಲೆ ಏರಿದೆ ಎಂದು ಕಾಣುತ್ತದೆ. ಆದರೆ ಅವರು ಪೂಲ್‌ಗೆ 1,500 ಷೇರು ಹೊಸದಾಗಿ ಸೇರಿಸಿ ಅನ್ನುತ್ತಾರೆ, ಪ್ರೀ-ಮನಿಯಲ್ಲೇ. ಈಗ 10.5 ಕೋಟಿಯನ್ನು 15,873ಕ್ಕೆ ಅಲ್ಲ, 17,373 ಷೇರಿಗೆ ಭಾಗಿಸಬೇಕು. ಷೇರಿಗೆ ಸುಮಾರು 6,044. ಸೀಡ್ ಹೂಡಿಕೆದಾರರು ಕೊಟ್ಟದ್ದು 6,300. ಹೊರಗೆ ಏರಿಕೆ, ಒಳಗೆ ಇಳಿಕೆ. ಇದು ಡೌನ್ ರೌಂಡ್.

ಬೆಲೆ ಇಳಿದರೆ ಸೀಡ್ ಒಪ್ಪಂದದಲ್ಲಿರುವ ಆಂಟಿ-ಡೈಲ್ಯೂಷನ್ ಷರತ್ತು, ಅಂದರೆ ಹಳೆಯ ಹೂಡಿಕೆದಾರರ ಷೇರಿನ ಬೆಲೆ ಇಳಿಸಿ ಅವರಿಗೆ ಹೆಚ್ಚು ಷೇರು ಕೊಡುವ ಷರತ್ತು, ಜೀವ ತಳೆಯುತ್ತದೆ. ಅದರಲ್ಲಿ ಎರಡು ಬಗೆ. ಬ್ರಾಡ್-ಬೇಸ್ಡ್ ವೆಯ್ಟೆಡ್ ಆವರೇಜ್ ಎಂದಿದ್ದರೆ, ಹೊಸ ಷೇರು ಎಷ್ಟು ಹುಟ್ಟಿತು ಎಂಬುದನ್ನು ನೋಡಿ ಹಳೆಯ ಬೆಲೆಯನ್ನು ಸ್ವಲ್ಪ ಇಳಿಸುತ್ತಾರೆ. ಇದನ್ನು ಒಪ್ಪಬಹುದು. ಫುಲ್ ರ‍್ಯಾಚೆಟ್ ಎಂದಿದ್ದರೆ, ಕಡಿಮೆ ಬೆಲೆಗೆ ಒಂದೇ ಷೇರು ಕೊಟ್ಟರೂ ಹಳೆಯ ಹೂಡಿಕೆದಾರರ ಪೂರ್ತಿ ಹಣಕ್ಕೆ ಆ ಹೊಸ ಬೆಲೆಯೇ. ಹೆಚ್ಚಾಗುವ ಷೇರಿನ ಭಾರ ಮುಖ್ಯವಾಗಿ ಸ್ಥಾಪಕರ ಮೇಲೆ ಬೀಳುತ್ತದೆ. ಸೀಡ್ ಟರ್ಮ್ ಶೀಟ್‌ನಲ್ಲಿ ಇದು ಕಂಡರೆ ತೆಗೆಸಿ. ವ್ಯಾಲ್ಯುವೇಷನ್ ಸ್ವಲ್ಪ ಬಿಟ್ಟುಕೊಟ್ಟಾದರೂ ತೆಗೆಸಿ.

ಎಲ್ಲ ಚೆನ್ನಾಗೇ ನಡೆದರೂ ಪಾಲು ಇಳಿಯುತ್ತಲೇ ಹೋಗುತ್ತದೆ. ಮುಂದಿನ ಸುತ್ತಿನಲ್ಲಿ 20% ಹೊಸ ಹೂಡಿಕೆದಾರರಿಗೆ, 5% ಹೊಸ ಪೂಲ್‌ಗೆ ಹೋದರೆ 63% ಎಂಬುದು 47.25% ಆಗುತ್ತದೆ. ಇಬ್ಬರೂ ಸ್ಥಾಪಕರು ಸೇರಿದರೂ ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಅಸಹಜವೇನೂ ಇಲ್ಲ. ಆದರೆ ಇದನ್ನು ಇಂದೇ ಶೀಟ್‌ನಲ್ಲಿ ನೋಡಿದವರು ಸೀಡ್‌ನಲ್ಲಿ 30% ಕೊಡಲು ಒಪ್ಪುವುದಿಲ್ಲ.

ಹಂತ 7: ಬೆಲೆ ಮತ್ತು ಕಾಗದ ಹೊಂದಬೇಕು

ಮಾತುಕತೆಯ ವ್ಯಾಲ್ಯುವೇಷನ್ ಬೇರೆ, ಕಾನೂನಿಗೆ ಬೇಕಾದ ವ್ಯಾಲ್ಯುವೇಷನ್ ವರದಿ ಬೇರೆ. ಷೇರಿನ ನ್ಯಾಯವಾದ ಬೆಲೆಗಿಂತ ಹೆಚ್ಚಾಗಿ ಬಂದ ಹಣದ ಮೇಲಿದ್ದ ಏಂಜಲ್ ತೆರಿಗೆ 2024ರ ಬಜೆಟ್‌ನಲ್ಲಿ ರದ್ದಾದ ಮೇಲೆ ವರದಿಯೇ ಬೇಡ ಎಂದುಕೊಂಡವರಿದ್ದಾರೆ. ಹಾಗಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಹೊರಗಿನವರಿಗೆ ಹೀಗೆ ಷೇರು ಕೊಡುವಾಗ ನೋಂದಾಯಿತ ಮೌಲ್ಯಮಾಪಕರ ವರದಿ ಈಗಲೂ ಬೇಕು, ಮತ್ತು ವರದಿಯಲ್ಲಿರುವ ಬೆಲೆಗಿಂತ ಕಡಿಮೆಗೆ ಷೇರು ಕೊಡುವಂತಿಲ್ಲ. ಉತ್ಸಾಹದಲ್ಲಿ ಮೊದಲೇ ವರದಿ ಮಾಡಿಸಿ ಅದರಲ್ಲಿ ಷೇರಿಗೆ 9,000 ಬಂದರೆ, 6,300ರ ಒಪ್ಪಂದಕ್ಕೆ ಅದೇ ಅಡ್ಡಿ. ಟರ್ಮ್ ಶೀಟ್ ಆದ ನಂತರ, ಒಪ್ಪಂದದ ಅಂಕಿಗಳನ್ನು ಮುಂದಿಟ್ಟು ವರದಿ ಮಾಡಿಸಿ.

ಅಧಿಕೃತ ಬಂಡವಾಳವನ್ನೂ, ಅಂದರೆ ಕಂಪನಿ ಒಟ್ಟು ಎಷ್ಟು ಮುಖಬೆಲೆಯ ಷೇರು ಕೊಡಬಹುದು ಎಂಬ ಮಿತಿಯನ್ನೂ, ನೋಡಿಕೊಳ್ಳಿ. 1 ಲಕ್ಷದ ಅಧಿಕೃತ ಬಂಡವಾಳದಲ್ಲಿ ಹುಟ್ಟಿದ ಕಂಪನಿಯಲ್ಲಿ 10 ರೂಪಾಯಿಯ 10,000 ಷೇರಿಗೇ ಜಾಗ ತುಂಬಿರುತ್ತದೆ. ಹೊಸ ಷೇರು ಕೊಡುವ ಮುನ್ನ ಅದನ್ನು ಏರಿಸಿ ಕಂಪನಿ ರಿಜಿಸ್ಟ್ರಾರ್‌ಗೆ SH-7 ನಮೂನೆ ಸಲ್ಲಿಸಬೇಕು. ಸೀಡ್ ಷೇರುಗಳು ಸಿಸಿಪಿಎಸ್ ಆಗಿದ್ದರೆ ಆದ್ಯತಾ ಷೇರಿನ ಕೆಳಗೆ ಬೇರೆ ಜಾಗ ಬೇಕು. ಆಮೇಲೆ PAS-4 ನಮೂನೆಯಲ್ಲಿ ಹೂಡಿಕೆದಾರರಿಗೆ ಆಹ್ವಾನ ಪತ್ರ ಹೋಗುತ್ತದೆ. ಅವರ ಹಣ ಬ್ಯಾಂಕಿನ ಪ್ರತ್ಯೇಕ ಖಾತೆಗೆ ಬರಬೇಕು, ಬಂದ 60 ದಿನದೊಳಗೆ ಷೇರು ಹಂಚಿಕೆ ಆಗಬೇಕು, ಹಂಚಿದ 15 ದಿನದೊಳಗೆ ಹಂಚಿಕೆಯ ವಿವರದ PAS-3 ನಮೂನೆ ಸಲ್ಲಿಸಬೇಕು. ಆ PAS-3 ಸಲ್ಲಿಕೆ ಆಗುವವರೆಗೆ 2 ಕೋಟಿ ಖಾತೆಯಲ್ಲಿದ್ದರೂ ಅದರಿಂದ ಒಂದು ತಿಂಗಳ ಸಂಬಳವನ್ನೂ ಕೊಡುವಂತಿಲ್ಲ. ಆದ್ದರಿಂದ ಹಂತ 1ರ ಖರ್ಚಿನ ಪಟ್ಟಿಯಲ್ಲಿ ಮೊದಲ ಎರಡು ತಿಂಗಳ ಸಂಬಳ ಎಲ್ಲಿಂದ ಬರುತ್ತದೆ ಎಂಬುದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.